ಮಲಗುವ ಹೊತ್ತಿನ ಲೋಟ

ನಮ್ಮ ಶ್ರವಣಬೆಳಗೊಳದಲ್ಲಿ ರಾತ್ರಿ ಬಹು ಬೇಗ ಬರುತ್ತದೆ. ಹಗಲೆಲ್ಲ ಯಾತ್ರಿಕರ ಗದ್ದಲ, ಬಸ್ಸುಗಳ ಧೂಳು, ಡೋಲಿಯವರ ಕೂಗು. ಹೊತ್ತು ಮುಳುಗಿದ ಮೇಲೆ ಕಲ್ಯಾಣಿಯ ಸುತ್ತಣ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತವೆ. ದೊಡ್ಡಬೆಟ್ಟ ಚಿಕ್ಕಬೆಟ್ಟಗಳ ನಡುವೆ ಊರು ತೆಪ್ಪಗೆ ಮುದುಡಿಕೊಳ್ಳುತ್ತದೆ. ಒಂಬತ್ತು ಗಂಟೆಯಾಯಿತೆಂದರೆ ನಮ್ಮ ಮನೆಯಲ್ಲಿ ಒಂದೇ ಒಂದು ಸದ್ದು. ಅದು ಲೋಟದಿಂದ ಲೋಟಕ್ಕೆ ಹಾಲು ಹೊಯ್ಯುವ ಸದ್ದು.

ಈ ಸದ್ದನ್ನು ನಾನು ಹುಟ್ಟಿದಂದಿನಿಂದ ಕೇಳಿದ್ದೇನೆ. ನಮ್ಮಪ್ಪ ಮನೆಯ ಕೆಲಸದಲ್ಲಿ ಕೈಯಾಡಿಸಿದವರಲ್ಲ. ತಟ್ಟೆಯ ಮುಂದೆ ಕುಳಿತು ‘ನೀರು’ ಎನ್ನುವ ತಲೆಮಾರಿನವರು. ಆದರೆ ರಾತ್ರಿಯ ಹಾಲನ್ನು ಮಾತ್ರ ಯಾರ ಕೈಗೂ ಬಿಡುತ್ತಿರಲಿಲ್ಲ. ಕಾದ ಹಾಲನ್ನು ಬೆಳ್ಳಿಯ ಲೋಟಕ್ಕೆ ಬಗ್ಗಿಸಿ, ಅಲ್ಲಿಂದ ಹಿತ್ತಾಳೆಯ ಲೋಟಕ್ಕೆ, ಮತ್ತೆ ಬೆಳ್ಳಿಯದಕ್ಕೆ, ಒಂದು ಮಾರು ಎತ್ತರದಿಂದ ಹೊಯ್ದು ಹೊಯ್ದು ಆರಿಸಿ, ನೊರೆ ಬಂದ ಮೇಲೆ ಅಮ್ಮನ ಮುಂದೆ ಇಡುತ್ತಿದ್ದರು. ಅಮ್ಮ ಕುಡಿದು, ಲೋಟ ತೊಳೆದು ಬೋರಲು ಹಾಕಿ, ಚಾಪೆಯ ಮೇಲೆ ಉರುಳಿದರೆ ಕಾಲು ಗಂಟೆಯಲ್ಲಿ ಗೊರಕೆ. ನಲವತ್ತು ವರ್ಷ ಹೀಗೇ ನಡೆಯಿತು. ಅಪ್ಪ ತೀರಿಕೊಂಡು ಈಗ ನಾಲ್ಕು ವರ್ಷ.

ಆ ಬಳಿಕ ಅಮ್ಮನಿಗೆ ನಿದ್ದೆ ಕೆಟ್ಟಿತು. ಅವಳಿಗೆ ಎಪ್ಪತ್ತನಾಲ್ಕು. ಹಾಲನ್ನೇನೋ ತಾನೇ ಕಾಯಿಸಿಕೊಂಡು ಕುಡಿಯುತ್ತಿದ್ದಳು, ಆದರೆ ಹನ್ನೊಂದಾದರೂ ಹೊರಳಾಡುವುದು ಕೇಳಿಸುತ್ತಿತ್ತು. ಕನ್ನಡ ಪಾಠ ಹೇಳುವವನಿಗೆ ಇದರಲ್ಲಿ ಮಾಡುವುದೇನಿದೆ? ಸುಮ್ಮನಿದ್ದಿದ್ದರೆ ಒಳ್ಳೆಯದಾಗುತ್ತಿತ್ತು. ಆದರೆ ಓದುವ ಚಟದವನು ಸುಮ್ಮನಿರುವುದುಂಟೆ? ಎಲ್ಲಿಯೋ ಒಂದು ಲೇಖನ ಕಣ್ಣಿಗೆ ಬಿತ್ತು. ಹಾಲಿನಲ್ಲಿ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲವಿದೆ. ಅದು ಮಿದುಳಿನಲ್ಲಿ ಸೆರೊಟೋನಿನ್ ಆಗುತ್ತದೆ, ಅದರಿಂದ ಮೆಲಟೋನಿನ್ ಆಗುತ್ತದೆ, ಮೆಲಟೋನಿನ್ನಿನಿಂದ ನಿದ್ದೆ. ಇಷ್ಟು ಅಂದವಾದ ಕಾರ್ಯಕಾರಣ ಸರಪಳಿ ನಮ್ಮ ಅಲಂಕಾರಶಾಸ್ತ್ರದಲ್ಲೂ ಸಿಕ್ಕುವುದಿಲ್ಲ. ಅದರ ಮೇಲೆ ಚರಕನ ಬೆಂಬಲವೂ ಸಿಕ್ಕಿತು. ಎಮ್ಮೆಯ ಹಾಲು ನಿದ್ದೆ ಬಾರದವರಿಗೆ ಹಿತವೆಂದು ಚರಕಸಂಹಿತೆಯಲ್ಲಿದೆ. ಪೂರ್ವವೂ ಪಶ್ಚಿಮವೂ ಒಂದೇ ಮಾತು ಹೇಳುವಾಗ ಅನುಮಾನ ಪಡುವುದು ಉದ್ಧಟತನವಲ್ಲವೆ?

ಮಾರನೆಯ ದಿನವೇ ಕಾರ್ಯಕ್ರಮ ಹಾಕಿದೆ. ಒಂದು ಲೋಟದಿಂದ ನಿದ್ದೆ ಬರುವುದಿಲ್ಲವಾದರೆ ಎರಡು ಲೋಟ. ಹಸುವಿನ ಹಾಲು ಬೇಡ, ಎಮ್ಮೆಯ ಹಾಲು. ಪದೇ ಪದೇ ಕಾಯಿಸುವ ತೊಂದರೆ ಬೇಡವೆಂದು ಏಳು ಗಂಟೆಗೇ ಕಾಯಿಸಿ ಫ್ಲಾಸ್ಕಿನಲ್ಲಿ ತುಂಬಿ ಅವಳ ತಲೆದೆಸೆಯಲ್ಲಿಡುವುದು. ‘ಇಷ್ಟೊಂದು ಹಾಲು ಯಾವ ಬಾಣಂತಿಗಪ್ಪಾ?’ ಎಂದು ಅಮ್ಮ ನಕ್ಕಳು. ಮಗನ ಮನಸ್ಸು ನೋಯಿಸಬಾರದೆಂದು ಕುಡಿದಳು.

ಪರಿಣಾಮ ಒಂದು ವಾರದಲ್ಲಿ ತಿಳಿಯಿತು. ಮಲಗುವ ಮುನ್ನ ನಾನೂರು ಮಿಲಿಲೀಟರು ದ್ರವ ಹೊಟ್ಟೆ ಸೇರಿದರೆ ಎಪ್ಪತ್ತನಾಲ್ಕರ ಮುದುಕಿ ರಾತ್ರಿ ಎಷ್ಟು ಸಲ ಏಳಬೇಕು? ಮೂರು ಸಲ ಎದ್ದಳು. ನಮ್ಮದು ಹಳೆಯ ಮನೆ, ಬಚ್ಚಲು ಹಿತ್ತಲಿನಲ್ಲಿ. ಒಂದು ರಾತ್ರಿ ಹೊಸ್ತಿಲು ಎಡವಿ, ಗೋಡೆ ಹಿಡಿದುಕೊಂಡದ್ದರಿಂದ ಉಳಿದುಕೊಂಡಳು. ಇನ್ನೊಂದು ರಾತ್ರಿ ಹೊಟ್ಟೆಯುಬ್ಬರ. ಇದೂ ವಿಚಿತ್ರವಲ್ಲ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಅರಗಿಸುವ ಶಕ್ತಿ ನಮ್ಮ ದಕ್ಷಿಣದವರಲ್ಲಿ ಬಹಳ ಮಂದಿಗೆ ದೊಡ್ಡವರಾದ ಮೇಲೆ ಕುಗ್ಗುತ್ತದೆ. 1981ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಉತ್ತರ ಭಾರತದವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಈ ತೊಂದರೆಯಿದ್ದರೆ, ದಕ್ಷಿಣದವರಲ್ಲಿ ಮೂವರಲ್ಲಿ ಇಬ್ಬರಿಗಿತ್ತು. ಒಂದು ಲೋಟವನ್ನು ಸಹಿಸುವ ಹೊಟ್ಟೆ ಎರಡನೆಯದಕ್ಕೆ ಮುನಿಯುತ್ತದೆ. ನಿದ್ದೆ ಮಾತ್ರ ಇದ್ದಲ್ಲಿಗಿಂತ ಇನ್ನೂ ದೂರ ಹೋಯಿತು.

ನಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕರೊಬ್ಬರಿದ್ದಾರೆ. ಚನ್ನರಾಯಪಟ್ಟಣದಿಂದ ಬರುವ ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಸೀಟಿನ ಗೆಳೆಯರು. ನನ್ನ ಗೋಳು ಕೇಳಿ ಅವರು ಮೊದಲು ನಕ್ಕರು. ಆಮೇಲೆ ಬಸ್ ಟಿಕೀಟಿನ ಹಿಂಬದಿಯಲ್ಲಿ ಲೆಕ್ಕ ಮಾಡಿ ತೋರಿಸಿದರು. ಆ ಟಿಕೀಟನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ.

‘ನೋಡಿ ಸಾರ್, ಟ್ರಿಪ್ಟೊಫಾನಿಗೂ ಹಾಲಿಗೂ ನಂಟಿದೆ ಎನ್ನುವುದು ಸುಳ್ಳಲ್ಲ’ ಎಂದರು. ಆ ವಸ್ತುವನ್ನು ಮೊಟ್ಟಮೊದಲು ಶುದ್ಧರೂಪದಲ್ಲಿ ಬೇರ್ಪಡಿಸಿದ್ದೇ ಹಾಲಿನಿಂದ. 1901ರಲ್ಲಿ ಕೇಂಬ್ರಿಜ್ಜಿನ ಹಾಪ್ಕಿನ್ಸ್ ಮತ್ತು ಕೋಲ್ ಎಂಬಿಬ್ಬರು ಹಾಲಿನ ಕೇಸೀನ್ ಎಂಬ ಪ್ರೋಟೀನನ್ನು ಜೀರ್ಣರಸದಲ್ಲಿ ಒಡೆದು ಅದನ್ನು ತೆಗೆದರು. ‘ಆದರೆ ಇರುವುದು ಬೇರೆ, ಸಾಲುವುದು ಬೇರೆ.’

ಲೆಕ್ಕ ಹೀಗಿತ್ತು. ಒಂದು ಲೋಟ ಎಂದರೆ 200 ಮಿಲಿಲೀಟರು. ಹಸುವಿನ ಹಾಲಾದರೆ ಅದರಲ್ಲಿ ಆರೂವರೆ ಗ್ರಾಮಿನಷ್ಟು ಪ್ರೋಟೀನು. ಆ ಪ್ರೋಟೀನಿನಲ್ಲಿ ನೂರಕ್ಕೆ ಒಂದೂವರೆ ಪಾಲಿಗಿಂತ ತುಸು ಕಡಿಮೆ ಟ್ರಿಪ್ಟೊಫಾನ್. ಅಂದರೆ ಲೋಟಕ್ಕೆ ಸುಮಾರು 90 ಮಿಲಿಗ್ರಾಂ. ಎಮ್ಮೆಯ ಹಾಲಿನಲ್ಲಿ ಪ್ರೋಟೀನು ಕೊಂಚ ಹೆಚ್ಚು. ಆದ್ದರಿಂದ ಇದೂ ಕೊಂಚ ಹೆಚ್ಚು. ಶುದ್ಧ ಟ್ರಿಪ್ಟೊಫಾನನ್ನು ಗುಳಿಗೆಯಾಗಿ ಕೊಟ್ಟು ನಿದ್ದೆಯನ್ನು ಅಳೆದ ಪ್ರಯೋಗಗಳಲ್ಲಿ ಒಂದಿಷ್ಟು ಗುಣ ಕಂಡದ್ದು ಸುಮಾರಾಗಿ 1 ಗ್ರಾಂ ಮತ್ತು ಅದಕ್ಕೂ ಮೇಲಿನ ಪ್ರಮಾಣದಲ್ಲಿ. 90 ಮಿಲಿಗ್ರಾಮಿನ ಲೋಟದಿಂದ 1 ಗ್ರಾಂ ಆಗಬೇಕಾದರೆ ಎರಡು ಲೀಟರಿಗೂ ಮೇಲೆ ಹಾಲು ಕುಡಿಯಬೇಕು. ‘ನಿಮ್ಮ ತಾಯಿಯವರಿಗೆ ಕೊಡಪಾನದಲ್ಲಿ ಕೊಡುತ್ತೀರೇನು?’

ಗುಳಿಗೆಯನ್ನೇ ಕೊಟ್ಟರಾಗದೆ ಎಂದು ಕೇಳಿದೆ. ಅವರು ತಲೆಯಲ್ಲಾಡಿಸಿದರು. 1989ರಲ್ಲಿ ಅಮೆರಿಕದಲ್ಲಿ ಟ್ರಿಪ್ಟೊಫಾನ್ ಗುಳಿಗೆ ತಿಂದ 1,500ಕ್ಕೂ ಹೆಚ್ಚು ಮಂದಿಗೆ ಸ್ನಾಯುಗಳ ವಿಪರೀತ ನೋವಿನ ಕಾಯಿಲೆಯೊಂದು ಬಂದು, ಕೆಲವರು ಸತ್ತೂ ಹೋದರಂತೆ. ತಯಾರಿಕೆಯಲ್ಲಿ ಸೇರಿದ ಕಲ್ಮಷವೇ ಮುಖ್ಯ ಕಾರಣವೆಂದು ಆಮೇಲೆ ಕಂಡುಬಂತು. ವೈದ್ಯರನ್ನು ಕೇಳದೆ ಆ ದಾರಿ ಬೇಡವೆಂದರು.

ಆದರೆ ನನ್ನನ್ನು ನಿಜವಾಗಿ ಸೋಲಿಸಿದ್ದು ಪ್ರಮಾಣದ ಲೆಕ್ಕವಲ್ಲ, ಬಾಗಿಲಿನ ಲೆಕ್ಕ. ನಮ್ಮ ಊರನ್ನು ಬಲ್ಲವರಿಗೆ ಇದನ್ನು ಹೇಳುವುದು ಸುಲಭ. ದೊಡ್ಡಬೆಟ್ಟ ಹತ್ತುವಾಗ ಅಖಂಡ ಬಾಗಿಲು ಸಿಗುತ್ತದೆ. ಒಂದೇ ಬಂಡೆಯಲ್ಲಿ ಕೊರೆದದ್ದು. ಅದನ್ನು ದಾಟಿಯೇ ಮೇಲಕ್ಕೆ ಹೋಗಬೇಕು. ರಕ್ತದಿಂದ ಮಿದುಳಿಗೆ ಹೋಗುವಲ್ಲಿಯೂ ಇಂಥ ಬಾಗಿಲಿದೆಯಂತೆ. ಟ್ರಿಪ್ಟೊಫಾನ್ ಒಳಗೆ ಹೋಗಬೇಕಾದರೆ ಆ ಬಾಗಿಲಲ್ಲೇ ಹೋಗಬೇಕು. ಲ್ಯೂಸಿನ್, ವ್ಯಾಲಿನ್, ಟೈರೋಸಿನ್ ಮೊದಲಾದ ಅಮೈನೋ ಆಮ್ಲಗಳಿಗೂ ಅದೇ ಬಾಗಿಲು. ಹಾಲಿನ ಪ್ರೋಟೀನಿನಲ್ಲಿ ಒಂದು ಪಾಲು ಟ್ರಿಪ್ಟೊಫಾನ್ ಇದ್ದರೆ ಅದರ ಈ ಪ್ರತಿಸ್ಪರ್ಧಿಗಳು ಇಪ್ಪತ್ತಕ್ಕೂ ಹೆಚ್ಚು ಪಾಲು ಇರುತ್ತವೆ. ಅಂದರೆ ಹಾಲು ಕುಡಿದವನು ಬಾಗಿಲಿಗೆ ಒಬ್ಬ ಯಾತ್ರಿಕನನ್ನು ಕಳಿಸುವಾಗ ಅವನ ಜೊತೆಗೆ ಇಪ್ಪತ್ತು ಮಂದಿ ತಳ್ಳಾಡುವವರನ್ನೂ ಕಳಿಸುತ್ತಾನೆ. ಮಸ್ತಕಾಭಿಷೇಕದ ದಿನ ಆ ಬಾಗಿಲಲ್ಲಿ ನಿಂತು ನೋಡಿದವರಿಗೆ ಫಲಿತಾಂಶ ಗೊತ್ತು. ಒಂಟಿ ಮನುಷ್ಯ ಹಿಂದೆಯೇ ಉಳಿಯುತ್ತಾನೆ. ಪ್ರೋಟೀನಿನ ಆಹಾರ ತಿಂದ ಮೇಲೆ ಮಿದುಳಿನ ಟ್ರಿಪ್ಟೊಫಾನ್ ಏರುವುದಿಲ್ಲವೆಂಬುದನ್ನು ಫರ್ನ್‌ಸ್ಟ್ರಾಮ್ ಮತ್ತು ವುರ್ಟ್‌ಮನ್ ಎಂಬ ಅಮೆರಿಕದ ವಿಜ್ಞಾನಿಗಳು 1970ರ ದಶಕದ ಮೊದಲಲ್ಲೇ ಇಲಿಗಳಲ್ಲಿ ತೋರಿಸಿಕೊಟ್ಟಿದ್ದರು.

‘ಹಾಗಾದರೆ ಸಕ್ಕರೆ ಹಾಕಿದರೆ?’ ಎಂದೆ. ಸೋತ ವಾದಿಗೆ ಕೊನೆಯ ಪಟ್ಟು ಬೇಕಲ್ಲ! ಅವರು ಮೆಚ್ಚಿದರು. ಬರಿಯ ಸಕ್ಕರೆ ಪಿಷ್ಟ ತಿಂದರೆ ಇನ್ಸುಲಿನ್ ಏರಿ, ಆ ಪ್ರತಿಸ್ಪರ್ಧಿಗಳನ್ನು ಸ್ನಾಯುಗಳ ಕಡೆಗೆ ಅಟ್ಟುತ್ತದೆ, ಬಾಗಿಲು ತೆರವಾಗುತ್ತದೆ. ಅದು ನಿಜ. ಆದರೆ ಊಟದ ಶಕ್ತಿಯಲ್ಲಿ ನೂರಕ್ಕೆ ಐದು ಪಾಲು ಪ್ರೋಟೀನಿನಿಂದ ಬಂದರೂ ಸಾಕು, ಈ ಅನುಕೂಲ ಅಳಿಸಿಹೋಗುತ್ತದೆ. ಒಂದು ಲೋಟ ಹಾಲಿನ ಶಕ್ತಿ ಸುಮಾರು 130 ಕ್ಯಾಲೊರಿ. ಅದರಲ್ಲಿ ಪ್ರೋಟೀನಿನದು 26, ಅಂದರೆ ನೂರಕ್ಕೆ ಇಪ್ಪತ್ತು. ಎರಡು ಚಮಚ ಸಕ್ಕರೆ ಹಾಕಿ 170 ಮಾಡಿದರೂ ನೂರಕ್ಕೆ ಹದಿನೈದು. ಬಾಗಿಲು ತೆರೆಯುವುದಿಲ್ಲ. ಹಾಲಿನಲ್ಲಿರುವ ಆಲ್ಫಾ ಲ್ಯಾಕ್ಟಾಲ್ಬುಮಿನ್ ಎಂಬ ಒಂದು ಪ್ರೋಟೀನಿನಲ್ಲಿ ಮಾತ್ರ ಟ್ರಿಪ್ಟೊಫಾನ್ ಹೇರಳವಾಗಿದೆಯಂತೆ. ಅದೊಂದನ್ನೇ ಬೇರ್ಪಡಿಸಿ ಹೆಚ್ಚಾಗಿ ಕೊಟ್ಟಾಗ ಗುಣ ಕಂಡದ್ದುಂಟು. ಆದರೆ ನಮ್ಮ ಡೇರಿಯ ಹಾಲಿನಲ್ಲಿ ಅದು ಒಟ್ಟು ಪ್ರೋಟೀನಿನ ಒಂದು ಸಣ್ಣ ಚೂರು.

ಅಂದು ಸಂಜೆ ನಾನು ಮನೆಗೆ ಬಂದದ್ದು ಜ್ಞಾನೋದಯವಾದವನ ಠೀವಿಯಲ್ಲಿ. ಚಪ್ಪಲಿ ಬಿಡುತ್ತಲೇ, ‘ಅಮ್ಮಾ, ಹಾಲಿಗೂ ನಿದ್ದೆಗೂ ಏನೂ ಸಂಬಂಧವಿಲ್ಲ ಕಣೆ. ಎಲ್ಲ ಭ್ರಮೆ. ಇರೋದು ಬರೀ ತೊಂಬತ್ತು ಮಿಲಿಗ್ರಾಂ’ ಎಂದೆ.

ಅಮ್ಮ ಬತ್ತಿ ಹೊಸೆಯುತ್ತಿದ್ದಳು. ತಲೆಯೆತ್ತದೆ, ‘ಗುಳ್ಳಕಾಯಲ್ಲಿ ಎಷ್ಟಿತ್ತಪ್ಪಾ ಹಾಲು?’ ಎಂದಳು.

ನಮ್ಮೂರಿನ ಮಕ್ಕಳಿಗೆಲ್ಲ ಗೊತ್ತಿರುವ ಕಥೆ ಅದು. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದರೂ ಅಭಿಷೇಕ ವಿಗ್ರಹದ ತೊಡೆಯಿಂದ ಕೆಳಗೆ ಇಳಿಯಲಿಲ್ಲ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಓಡಿನಲ್ಲಿ ತಂದ ಗುಟುಕು ಹಾಲು ಅಡಿಯವರೆಗೂ ಹರಿದು, ಬೆಟ್ಟವಿಳಿದು, ಬಿಳಿಯ ಕೊಳವಾಯಿತು. ಆ ಗುಳ್ಳಕಾಯಜ್ಜಿಯ ಶಿಲ್ಪ ಇಂದಿಗೂ ಗೊಮ್ಮಟನ ಎದುರಿಗೆ ನಿಂತಿದೆ. ಕಥೆ ಚೆನ್ನಾಗಿದೆ, ಆದರೆ ಕಥೆ ಪುರಾವೆಯಲ್ಲ. ನಾನು ಹಾಗೆಂದು ಹೇಳಿಯೂ ಬಿಟ್ಟೆ. ಅಮ್ಮ ಮರುಮಾತಾಡಲಿಲ್ಲ. ಅಂದಿನಿಂದ ಹಾಲು ಬಿಟ್ಟಳು.

ಇಲ್ಲಿಯವರೆಗೆ ನಗೆಯ ಮಾತು. ಮುಂದಿನ ಮೂರು ವಾರ ನೆನೆದರೆ ನನಗೆ ನಗು ಬರುವುದಿಲ್ಲ. ಹನ್ನೊಂದಕ್ಕೆ ಹತ್ತುತ್ತಿದ್ದ ನಿದ್ದೆ ಒಂದಾದರೂ ಹತ್ತದೆ ಹೋಯಿತು. ಬೆಳಗ್ಗೆ ಎದ್ದರೆ ಕಣ್ಣು ಕೆಂಡ. ಒಲೆಯ ಮೇಲೆ ಪಾತ್ರೆಯಿಟ್ಟು ಮರೆತಳು. ಒಂದು ದಿನ ನನ್ನನ್ನು ಅಪ್ಪನ ಹೆಸರು ಹಿಡಿದು ಕರೆದಳು. ಹೆಂಡತಿಯಾದವಳು ಎಂದೂ ಬಾಯಲ್ಲಿ ಆಡದ ಹೆಸರು. ನನ್ನಾಕೆ ಒಳಗೆ ಹೋಗಿ ಅತ್ತಳು. ವೈದ್ಯರು ನೋಡಿ, ಬೇಕಾದರೆ ನಿದ್ದೆಯ ಮಾತ್ರೆ ಕೊಡಬಹುದು, ಆದರೆ ಈ ವಯಸ್ಸಿನಲ್ಲಿ ಮಾತ್ರೆಯ ಮಂಪರಿನಲ್ಲಿ ಎದ್ದು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವವರುಂಟು, ಯೋಚಿಸಿ ಎಂದರು. ನಮ್ಮ ಹೊಸ್ತಿಲು ನನ್ನ ಕಣ್ಣ ಮುಂದೆ ಬಂತು.

ಮತ್ತೆ ಬಸ್ಸಿನ ಸೀಟು, ಮತ್ತೆ ಮಿತ್ರರು. ಈ ಸಲ ಅವರು ನಗಲಿಲ್ಲ. ‘ನಾನು ಟ್ರಿಪ್ಟೊಫಾನ್ ಕೆಲಸ ಮಾಡುವುದಿಲ್ಲ ಅಂದೆ. ಹಾಲು ಕೆಲಸ ಮಾಡುವುದಿಲ್ಲ ಅಂದೆನೇ?’ ಎಂದರು. ಇವೆರಡು ವಾಕ್ಯಗಳ ಅಂತರವನ್ನು ವ್ಯಾಕರಣದ ಮೇಷ್ಟರಾದ ನಾನು ಕೇಳಿಸಿಕೊಂಡಿರಲಿಲ್ಲ.

ಅವರು ಹೇಳಿದ್ದನ್ನು ಆಮೇಲೆ ನಾನೇ ತೆಗೆದು ಓದಿದೆ. 1972ರಲ್ಲಿ ಎಡಿನ್‌ಬರೋ ನಗರದಲ್ಲಿ ಬ್ರೆಜಿನೋವಾ ಮತ್ತು ಆಸ್ವಾಲ್ಡ್ ಎಂಬಿಬ್ಬರು ಮಲಗುವ ಮುನ್ನ ಬಿಸಿಹಾಲಿನಲ್ಲಿ ಹಾರ್ಲಿಕ್ಸ್ ಬೆರೆಸಿ ಕೊಟ್ಟು, ತಲೆಗೆ ತಂತಿ ಹಚ್ಚಿ ಮಿದುಳಿನ ಅಲೆಗಳನ್ನು ರಾತ್ರಿಯಿಡೀ ಬರೆಸಿದರು. ಹತ್ತು ಮಂದಿ ಹರೆಯದವರು, ಎಂಟು ಮಂದಿ ನಡುವಯಸ್ಸು ದಾಟುತ್ತಿದ್ದವರು. ವಯಸ್ಸಾದವರ ನಿದ್ದೆ ಆ ಪಾನೀಯದಿಂದ ತುಸು ಉದ್ದವಾಯಿತು, ಮಧ್ಯೆ ಮಧ್ಯೆ ಮುರಿಯುವುದು ಕಡಿಮೆಯಾಯಿತು. ಅದೂ ಇರುಳಿನ ಹಿಂದಿನ ಭಾಗದಲ್ಲಿ. ಹದಿನೆಂಟು ಮಂದಿಯ ಮೇಲೆ ಲೋಕಕ್ಕೆಲ್ಲ ತೀರ್ಪು ಕೊಡಲಾಗದು, ನಿಜ. ಆದರೂ ಏನೋ ಇದೆ ಎಂದಾಯಿತಲ್ಲ.

ಆ ‘ಏನೋ’ ಯಾವುದು? ಅದೇ ಎಡಿನ್‌ಬರೋದಲ್ಲಿ ಕರ್ಸ್ಟೀನ್ ಆಡಮ್ ಎಂಬಾಕೆ 1980ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮಲಗುವ ಮೊದಲು ಏನಾದರೂ ತಿಂದು ಕುಡಿಯುವ ರೂಢಿ ನಿಮಗಿದೆಯೆ ಎಂದು ಅವರು ತಮ್ಮ ಪರೀಕ್ಷೆಗೆ ಬಂದವರ ವಾಡಿಕೆಯನ್ನೂ ಲೆಕ್ಕಕ್ಕೆ ಹಿಡಿದರು. ಫಲಿತಾಂಶ ಸ್ವಾರಸ್ಯವಾದದ್ದು. ರೂಢಿಯಿದ್ದವರು ಪಾನೀಯ ಕುಡಿದ ರಾತ್ರಿ ಚೆನ್ನಾಗಿ ಮಲಗಿದರು. ರೂಢಿಯಿಲ್ಲದವರು ಅದನ್ನು ಕುಡಿಯದ ರಾತ್ರಿಯೇ ಚೆನ್ನಾಗಿ ಮಲಗಿದರು! ಹಾಲು ಅದೇ, ಟ್ರಿಪ್ಟೊಫಾನ್ ಅದೇ. ಬೇರೆಯಾದದ್ದು ಮನುಷ್ಯನ ಅಭ್ಯಾಸ. ಗುಣ ಲೋಟದಲ್ಲೇ ಇದ್ದಿದ್ದರೆ ಇಬ್ಬರಿಗೂ ಒಂದೇ ಬಗೆಯಾಗಬೇಕಿತ್ತು.

ಇದನ್ನು ಓದಿದಾಗ ನಾನು ಎದುರುಮನೆಯ ಕಡೆ ನೋಡಿದೆ. ಎದುರುಮನೆಯಲ್ಲಿರುವುದು ಎಂಬತ್ತು ದಾಟಿದ ಜೈನ ಅಜ್ಜಿ. ರಾತ್ರಿಭೋಜನ ತ್ಯಾಗದ ವ್ರತ ಹಿಡಿದವರು; ಹೊತ್ತು ಮುಳುಗಿದ ಮೇಲೆ ಹಾಲಿರಲಿ, ನೀರೂ ಮುಟ್ಟುವುದಿಲ್ಲ. ಅವರ ಹಾಲಿನ ಲೋಟ ಸಂಜೆಯ ಬಿಸಿಲಿನಲ್ಲೇ ಮುಗಿಯುತ್ತದೆ. ಆಮೇಲೆ ದೀಪದ ಮುಂದೆ ಕುಳಿತು ಜಪಮಣಿ ಹಿಡಿದು ಣಮೋಕಾರ ಮಂತ್ರ ಹೇಳಿಕೊಳ್ಳುತ್ತಾರೆ. ನೂರೆಂಟು ಮುಗಿಯುವ ಹೊತ್ತಿಗೆ ಕಣ್ಣು ತೂಗುತ್ತದೆ. ‘ಅಜ್ಜೀ, ನಿಮಗೆ ರಾತ್ರಿ ಹಾಲು ಕುಡಿಯದೆ ನಿದ್ದೆ ಬರುತ್ತದೆಯೆ?’ ಎಂದು ಒಂದು ದಿನ ಕೇಳಿಯೇಬಿಟ್ಟೆ. ‘ರಾತ್ರಿ ಕುಡಿದರೆ ನನಗೆ ನಿದ್ದೆ ಬರುತ್ತದೇನು ಮೇಷ್ಟ್ರೇ? ವ್ರತಭಂಗವಾಯಿತು ಅಂತ ಬೆಳಗಾಗುವವರೆಗೂ ಎದ್ದಿರುತ್ತೇನೆ’ ಎಂದರು. ಕರ್ಸ್ಟೀನ್ ಆಡಮ್ ಅವರ ಲೇಖನವನ್ನು ಇದಕ್ಕಿಂತ ಚಿಕ್ಕದಾಗಿ ಯಾರೂ ಹೇಳಲಾರರು.

ಇಷ್ಟಾದರೂ ನನ್ನ ಮನೆಯ ಮಾತನ್ನು ನಾನೇ ನೋಡಬೇಕೆನ್ನಿಸಿತು. ಅಮ್ಮನನ್ನು ಒಪ್ಪಿಸಿ ಇಪ್ಪತ್ತನಾಲ್ಕು ರಾತ್ರಿಯ ಪರೀಕ್ಷೆಯಿಟ್ಟೆ. ಎಂಟು ರಾತ್ರಿ ಹಾಲು, ಎಂಟು ರಾತ್ರಿ ಏಲಕ್ಕಿ ಬೆಲ್ಲ ಹಾಕಿದ ಬಿಸಿನೀರು, ಎಂಟು ರಾತ್ರಿ ಏನೂ ಇಲ್ಲ. ಯಾವ ರಾತ್ರಿ ಯಾವುದೆಂಬುದನ್ನು ನಾನು ಆರಿಸದೆ ಚೀಟಿಯೆತ್ತಿಸಿದೆ. ನನ್ನ ಮನಸ್ಸಿನ ಒಲವು ಒಳನುಸುಳಬಾರದಲ್ಲ. ಹಾಲಾಗಲಿ ನೀರಾಗಲಿ, ಫ್ಲಾಸ್ಕು ಬೇಡ, ಅದೇ ಎರಡು ಲೋಟಗಳಲ್ಲಿ ಅಪ್ಪನ ಹಾಗೆ ಆರಿಸಿಯೇ ಕೊಡುವುದೆಂದು ನನ್ನಾಕೆ ಹಟ ಹಿಡಿದಳು. ನಾನು ಹಜಾರದಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕುಳಿತು, ಒಳಗಿಂದ ಗೊರಕೆ ಶುರುವಾದ ವೇಳೆಯನ್ನು ಬರೆದಿಟ್ಟೆ.

ಹಾಲಿನ ರಾತ್ರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಟೆಗೆ ಗೊರಕೆ. ಬೆಲ್ಲದ ನೀರಿನ ರಾತ್ರಿಗಳಲ್ಲಿ ನಲವತ್ತು ನಿಮಿಷ. ಏನೂ ಇಲ್ಲದ ರಾತ್ರಿಗಳಲ್ಲಿ ಒಂದು ಗಂಟೆಗೂ ಮೇಲೆ. ಹಿಗ್ಗಿ ಮಿತ್ರರಿಗೆ ತೋರಿಸಿದೆ. ಅವರು ಒಂದು ನಿಮಿಷ ನೋಡಿ, ‘ಬೆಲ್ಲ ಏಕೆ ಹಾಕಿದಿರಿ?’ ಎಂದರು. ಪ್ರೋಟೀನಿಲ್ಲದ ಬರಿಯ ಸಿಹಿ ತಾನೇ ಆ ಬಾಗಿಲು ತೆರೆಯುವುದು! ಟ್ರಿಪ್ಟೊಫಾನಿನ ಸೋಂಕಿಲ್ಲದ ಪಾನೀಯವೆಂದು ನಾನು ಆರಿಸಿದ್ದು, ಟ್ರಿಪ್ಟೊಫಾನಿಗೆ ದಾರಿ ಮಾಡಿಕೊಡಬಹುದಾದ ಪಾನೀಯವೇ ಆಗಿತ್ತು. ಒಂದು ಚಮಚ ಬೆಲ್ಲ ಅಷ್ಟು ಕೆಲಸಕ್ಕೆ ಸಾಲದೆಂದು ಅವರೇ ಸಮಾಧಾನ ಹೇಳಿದರೂ, ನಾನು ಹಟಕ್ಕೆ ಬಿದ್ದು ಇನ್ನೂ ಎಂಟು ರಾತ್ರಿ ಸಪ್ಪೆ ಜೀರಿಗೆ ನೀರು ಕೊಟ್ಟೆ. ಸುಮಾರಾಗಿ ಅಷ್ಟೇ ಹೊತ್ತು ಬಂತು, ಅಮ್ಮನ ಗೊಣಗಾಟ ಮಾತ್ರ ಹೆಚ್ಚು.

ಈ ಲೆಕ್ಕದ ಮೇಲೆ ನಾನು ಯಾವ ಸಿದ್ಧಾಂತವನ್ನೂ ಕಟ್ಟಲಾರೆ. ಒಬ್ಬಳೇ ಮುದುಕಿ, ಕುಡಿಯುತ್ತಿರುವುದು ಹಾಲೋ ನೀರೋ ಅವಳಿಗೆ ಗೊತ್ತು, ಬರೆದುಕೊಳ್ಳುವ ನನಗೂ ಗೊತ್ತು. ಹಾಲಿಗೆ ಬಣ್ಣವೂ ರುಚಿಯೂ ಇರುವುದರಿಂದ ಮರೆಮಾಚಿ ಕೊಡುವುದೇ ಕಷ್ಟ. ಈ ವಿಷಯದಲ್ಲಿ ನಡೆಯುವ ಪ್ರಯೋಗಗಳಿಗೆಲ್ಲ ಇದೇ ತೊಡಕು. ಗೊರಕೆ ನಿದ್ದೆಯ ಗಡಿಯಾರವೂ ಅಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಮಗ ಹೊರಗೆ ಕುಳಿತು ಕಾಯುತ್ತಿದ್ದಾನೆಂಬುದು ಅವಳಿಗೆ ತಿಳಿದಿತ್ತು. ಅಪ್ಪ ಹೋದ ಮೇಲೆ ಅವಳು ಮಲಗುವುದನ್ನು ಕಾದವರು ಯಾರಿದ್ದರು? ಇದನ್ನು ನಾನು ಯಾವ ಕಲಮಿನಲ್ಲಿ ಬರೆಯಲಿ?

ಬಿಸಿಯ ಪಾಲೆಷ್ಟು ಎಂದು ಮಿತ್ರರನ್ನು ಕೇಳಿದೆ. ಅದಕ್ಕೂ ಟಿಕೀಟಿನ ಲೆಕ್ಕ ಬಂತು. 50 ಡಿಗ್ರಿಯ ಒಂದು ಲೋಟ ಹಾಲು ಅಮ್ಮನಂಥವರ ಮೈಕಾವನ್ನು ಏರಿಸಿದರೆ ಅರ್ಧ ಡಿಗ್ರಿಯ ಹತ್ತನೆಯ ಒಂದು ಪಾಲು ಏರಿಸೀತು. ಬಿಸಿನೀರಿನ ಸ್ನಾನದಿಂದ ನಿದ್ದೆ ಬೇಗ ಹತ್ತುವುದಕ್ಕೆ ಒಳ್ಳೆಯ ಪುರಾವೆಯಿದೆ, ಅದೂ ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು ಮಾಡಿದರೆ. ಲೋಟದ ಬಿಸಿಗೆ ಅಂಥ ಪುರಾವೆಯಿಲ್ಲ. ಆದರೆ ಪ್ರತಿರಾತ್ರಿ ಒಂದೇ ಕ್ರಮದಲ್ಲಿ ಒಂದೇ ಕೆಲಸಗಳನ್ನು ಮಾಡಿ ಮಲಗಿಸುವುದಕ್ಕೆ ಪುರಾವೆಯಿದೆ. 2009ರಲ್ಲಿ ಪ್ರಕಟವಾದ ಒಂದು ಅಮೆರಿಕದ ಪರೀಕ್ಷೆಯಲ್ಲಿ 405 ತಾಯಂದಿರಿದ್ದರು; ಅವರಲ್ಲಿ ಒಂದು ಗುಂಪಿನವರು ಎರಡು ವಾರ ತಮ್ಮ ಎಳೆಯ ಮಕ್ಕಳಿಗೆ ಸ್ನಾನ, ಮೈಯುಜ್ಜುವುದು, ಆಮೇಲೆ ಲಾಲಿಯಂಥ ಸದ್ದಿಲ್ಲದ ಕೆಲಸ ಎಂದು ಕ್ರಮ ಹಿಡಿದಾಗ ಮಕ್ಕಳು ಬೇಗ ಮಲಗಿ ಕಡಿಮೆ ಎದ್ದವು. ಆ ಕ್ರಮದಲ್ಲಿ ಹಾಲಿರಲಿಲ್ಲ. ಮಕ್ಕಳ ಮಾತು ಮುದುಕರಿಗೆ ಎಷ್ಟರಮಟ್ಟಿಗೆ ಹೊಂದುತ್ತದೆಂದು ಪಂಡಿತರು ಚರ್ಚಿಸಲಿ; ನನಗೆ ಮಾತ್ರ ಎರಡು ಲೋಟಗಳ ಸದ್ದು ಲಾಲಿಯ ಜಾತಿಗೇ ಸೇರಿದ್ದೆಂದು ತೋರಿತು. ನಾನು ಫ್ಲಾಸ್ಕು ತಂದಿಟ್ಟ ದಿನ ಹಾಲನ್ನು ಎರಡರಷ್ಟು ಮಾಡಿ, ಆ ಸದ್ದನ್ನು ತೆಗೆದುಹಾಕಿದ್ದೆ.

ಈಗ ನಮ್ಮ ಮನೆಯಲ್ಲಿ ನಡೆಯುವುದು ಇಷ್ಟು. ಅರ್ಧ ಲೋಟ, ಅಂದರೆ 100 ಮಿಲಿಲೀಟರು, ಹಸುವಿನ ಹಾಲು, ಸಕ್ಕರೆಯಿಲ್ಲದೆ; ಸಕ್ಕರೆಯಿದ್ದರೆ ಉಳಿದಿರುವ ನಾಲ್ಕು ಹಲ್ಲಿಗೂ ಕೇಡು. ಮಲಗುವುದಕ್ಕೆ ಮುಕ್ಕಾಲು ಗಂಟೆ ಮೊದಲು, ಬಚ್ಚಲಿಗೆ ಹೋಗಿಬರಲು ಹೊತ್ತಿರುವಂತೆ. ಹೊಸ್ತಿಲ ಬಳಿ ಒಂದು ಸಣ್ಣ ದೀಪ. ಮಾತ್ರೆಯ ಮಾತು ಸದ್ಯಕ್ಕೆ ಹಿಂದೆ ಬಿದ್ದಿದೆ. ಎಲ್ಲ ರಾತ್ರಿಯೂ ನಿದ್ದೆ ಬರುತ್ತದೆಂದಲ್ಲ. ಅಪ್ಪನ ತಿಥಿಯ ಹಿಂದುಮುಂದಿನ ದಿನಗಳಲ್ಲಿ ಯಾವ ಹಾಲೂ ಕೆಲಸ ಮಾಡುವುದಿಲ್ಲ. ನಾನು ಟ್ರಿಪ್ಟೊಫಾನಿನ ಹೆಸರೆತ್ತುವುದಿಲ್ಲ. ಅಮ್ಮನೂ ಗುಳ್ಳಕಾಯಜ್ಜಿಯ ಹೆಸರೆತ್ತುವುದಿಲ್ಲ.

ಹಾಲು ಆರಿಸುವ ಕೆಲಸ ಈಗ ನನ್ನದು. ಅಪ್ಪನ ಒಂದು ಮಾರಿನ ಎತ್ತರ ನನಗೆ ಇನ್ನೂ ಕೈವಶವಾಗಿಲ್ಲ. ಮೊನ್ನೆ ಸ್ವಲ್ಪ ಎತ್ತರಿಸಲು ಹೋಗಿ, ಅರ್ಧ ಲೋಟದಲ್ಲಿ ಅರ್ಧ ನೆಲದ ಪಾಲಾಯಿತು. ‘ನಿಮ್ಮಪ್ಪನೂ ಮೊದಮೊದಲು ಹೀಗೇ ಚೆಲ್ಲೋರು’ ಎಂದು ಅಮ್ಮ ಚಾಪೆಯ ಮೇಲಿಂದಲೇ ಹೇಳಿದಳು. ನಾನು ನೆಲ ಒರೆಸಿ, ಉಳಿದದ್ದನ್ನು ಲೋಟಕ್ಕೆ ಬಗ್ಗಿಸಿ ತಿರುಗುವಷ್ಟರಲ್ಲಿ ಅವಳಿಗೆ ಗೊರಕೆ ಹತ್ತಿತ್ತು.